ಶಾಖ, ಕೆಲಸಗಳಿಗೆ ದಾರಿ ಮುಖ್ಯ. ಆಂತರಿಕ ಶಕ್ತಿಗೆ ಏಕಲ್ಲ?

ಪ್ರಶ್ನೆ: ಸರ್, ನಾನು ಮೊದಲ ವರ್ಷದ ಬಿ.ಎಸ್ಸಿ. ಓದುತ್ತಿದ್ದೇನೆ. ΔU = Q − W ಎಂದು ಬರೆಯುತ್ತೇವೆ. Q ದಾರಿಯನ್ನು ಅವಲಂಬಿಸುತ್ತದೆ, W ಕೂಡ ಅವಲಂಬಿಸುತ್ತದೆ, ಆದರೆ ಒಂದರಲ್ಲಿ ಇನ್ನೊಂದನ್ನು ಕಳೆದರೆ ದಾರಿಯೇ ಮಾಯವಾಗುತ್ತದೆ ಅಂತಾರೆ. ಇದು ಕಾಕತಾಳೀಯವೇ? ಇನ್ನೊಂದು ಅನುಮಾನ: Q = mcΔT ಸೂತ್ರದಲ್ಲಿ ಮೊದಲಿನ ಮತ್ತು ಕೊನೆಯ ತಾಪಮಾನ ಬಿಟ್ಟರೆ ದಾರಿಯ ಸುಳಿವೇ ಇಲ್ಲ. ಹಾಗಾದರೆ ಶಾಖವೂ ಸ್ಥಿತಿ ಫಲನ ಆಗಬೇಕಲ್ಲವೇ?

ಉತ್ತರ: ಮೊದಲು ಒಂದು ಲೆಕ್ಕ ಮಾಡಿಬಿಡೋಣ, ವಾದ ಆಮೇಲೆ. ಪಿಸ್ಟನ್ ಇರುವ ಸಿಲಿಂಡರಿನಲ್ಲಿ ಹೀಲಿಯಂ ಇದೆ ಎನ್ನಿ. ಒತ್ತಡ 200 ಕಿಲೋಪ್ಯಾಸ್ಕಲ್, ಗಾತ್ರ 10 ಲೀಟರ್, ತಾಪಮಾನ 300 ಕೆಲ್ವಿನ್. ಇದು A ಸ್ಥಿತಿ. ನಾವು ತಲುಪಬೇಕಾದ B ಸ್ಥಿತಿಯಲ್ಲಿ ಒತ್ತಡ 100 ಕಿಲೋಪ್ಯಾಸ್ಕಲ್, ಗಾತ್ರ 20 ಲೀಟರ್. ಕಿಲೋಪ್ಯಾಸ್ಕಲನ್ನು ಲೀಟರಿನಿಂದ ಗುಣಿಸಿದರೆ ನೇರವಾಗಿ ಜೌಲ್ ಬರುತ್ತದೆ, ಅದಕ್ಕೇ ಈ ಏಕಮಾನಗಳನ್ನು ಆರಿಸಿದೆ. ಎರಡೂ ಕಡೆ PV ಬೆಲೆ 2000 ಜೌಲ್. PV = nRT ಆದ್ದರಿಂದ B ಯಲ್ಲೂ ತಾಪಮಾನ 300 ಕೆಲ್ವಿನ್ನೇ. ಅನಿಲ ಎಷ್ಟಿದೆ ಎಂದರೆ ಸುಮಾರು 0.8 ಮೋಲ್.

ಹೀಲಿಯಂ ಅನ್ನೇ ತೆಗೆದುಕೊಂಡಿದ್ದಕ್ಕೂ ಕಾರಣವಿದೆ. ಅದರಲ್ಲಿ ಇರುವುದು ಒಂಟಿ ಪರಮಾಣುಗಳು, ಅವು ಸುಮ್ಮನೆ ಅತ್ತಿತ್ತ ಹಾರಾಡುತ್ತಿರುತ್ತವೆ. ತಿರುಗಾಟ, ಕಂಪನ ಎಂಬ ಬೇರೆ ಖಾತೆಗಳಿಲ್ಲ. ಹಾಗಾಗಿ ಅದರ ಆಂತರಿಕ ಶಕ್ತಿ U = (3/2)PV. ಗಾತ್ರವನ್ನು ಕದಲಿಸದೆ ಕಾಯಿಸಿದರೆ ಬೇಕಾಗುವ ಶಾಖ PV ಏರಿಕೆಯ ಒಂದೂವರೆ ಪಟ್ಟು. ಒತ್ತಡವನ್ನು ಕದಲಿಸದೆ ಕಾಯಿಸಿದರೆ ಎರಡೂವರೆ ಪಟ್ಟು, ಏಕೆಂದರೆ ಆಗ ಅನಿಲ ಹಿಗ್ಗಿ ಪಿಸ್ಟನ್ನನ್ನು ತಳ್ಳಬೇಕು, ಆ ಕೆಲಸದ ಬಾಬ್ತೂ ಶಾಖದಿಂದಲೇ ಬರಬೇಕು. ಈ ಎರಡು ಸಂಖ್ಯೆಗಳಿದ್ದರೆ ಸಾಕು.

ಮೊದಲ ದಾರಿ. ಒತ್ತಡವನ್ನು 200 ರಲ್ಲೇ ಇಟ್ಟು 20 ಲೀಟರಿನವರೆಗೆ ಹಿಗ್ಗಿಸುತ್ತೇವೆ. PV 2000 ದಿಂದ 4000 ಕ್ಕೆ ಏರುತ್ತದೆ, ತಾಪಮಾನ 600 ಕೆಲ್ವಿನ್ ಆಗುತ್ತದೆ. ಅನಿಲ ಮಾಡಿದ ಕೆಲಸ 200 × 10, ಅಂದರೆ 2000 ಜೌಲ್. ಒಳಗೆ ಹೋದ ಶಾಖ 5000 ಜೌಲ್. ಆಮೇಲೆ ಪಿಸ್ಟನ್ನನ್ನು ಬಿಗಿದು, ಒತ್ತಡ 100 ಕ್ಕೆ ಇಳಿಯುವವರೆಗೆ ತಣಿಸುತ್ತೇವೆ. PV ಮತ್ತೆ 2000 ಕ್ಕೆ ಬರುತ್ತದೆ, 3000 ಜೌಲ್ ಶಾಖ ಹೊರಗೆ ಹೋಗುತ್ತದೆ, ಕೆಲಸ ಸೊನ್ನೆ. ಒಟ್ಟು ಶಾಖ 2000, ಒಟ್ಟು ಕೆಲಸ 2000.

ಎರಡನೆಯ ದಾರಿಯಲ್ಲಿ ಅದೇ ಎರಡು ಹೆಜ್ಜೆಗಳನ್ನು ಹಿಂದುಮುಂದು ಮಾಡಿ. ಮೊದಲು ಪಿಸ್ಟನ್ ಬಿಗಿದು ತಣಿಸಿದರೆ ಒತ್ತಡ 100 ಕ್ಕೆ, ತಾಪಮಾನ 150 ಕೆಲ್ವಿನ್‌ಗೆ ಇಳಿಯುತ್ತದೆ, 1500 ಜೌಲ್ ಶಾಖ ಹೊರಬರುತ್ತದೆ. ಬಳಿಕ 100 ಕಿಲೋಪ್ಯಾಸ್ಕಲ್‌ನಲ್ಲೇ 20 ಲೀಟರಿಗೆ ಹಿಗ್ಗಿಸಿದರೆ ಕೆಲಸ 1000 ಜೌಲ್, ಒಳಹೋದ ಶಾಖ 2500. ಒಟ್ಟು ಶಾಖ 1000, ಒಟ್ಟು ಕೆಲಸ 1000.

ಮೂರನೆಯದು ತಾಪಮಾನವನ್ನು ಉದ್ದಕ್ಕೂ 300 ರಲ್ಲೇ ಕಾಪಾಡಿಕೊಂಡು ನಿಧಾನವಾಗಿ ಹಿಗ್ಗಿಸುವ ದಾರಿ. ಕೆಲಸ nRT ln 2, ಅಂದರೆ 2000 × 0.693, ಸುಮಾರು 1386 ಜೌಲ್. ಶಾಖವೂ ಅಷ್ಟೇ.

ನಾಲ್ಕನೆಯದು ನನಗೆ ಅತಿ ಪ್ರಿಯವಾದದ್ದು. ಪಿಸ್ಟನ್ನೇ ಬೇಡ. ಶಾಖ ದಾಟದ ಗೋಡೆಗಳ 20 ಲೀಟರ್ ಪೆಟ್ಟಿಗೆಯನ್ನು ನಡುವೆ ತೆಳು ತಡೆ ಹಾಕಿ ಎರಡು ಭಾಗ ಮಾಡಿ, ಒಂದರಲ್ಲಿ ಹೀಲಿಯಂ, ಇನ್ನೊಂದರಲ್ಲಿ ನಿರ್ವಾತ. ತಡೆಯನ್ನು ಒಡೆದರೆ ಅನಿಲ ಖಾಲಿ ಜಾಗಕ್ಕೆ ನುಗ್ಗಿ ತುಂಬಿಕೊಳ್ಳುತ್ತದೆ. ಎದುರಿಗೆ ತಳ್ಳಲು ಏನೂ ಇಲ್ಲ, ಕೆಲಸ ಸೊನ್ನೆ. ಗೋಡೆ ಶಾಖ ಬಿಡುವುದಿಲ್ಲ, ಶಾಖವೂ ಸೊನ್ನೆ. ಎಲ್ಲ ಅಡಗಿದ ಮೇಲೆ ನೋಡಿದರೆ ಅನಿಲ B ಯಲ್ಲೇ ಇದೆ.

ಹೊರಟದ್ದು ಒಂದೇ ಕಡೆಯಿಂದ, ಸೇರಿದ್ದು ಒಂದೇ ಕಡೆಗೆ. ಶಾಖ ಮಾತ್ರ 2000, 1386, 1000, 0. ಕೆಲಸವೂ ಅದೇ ಸಂಖ್ಯೆಗಳು. U ಬದಲಾವಣೆ ನಾಲ್ಕರಲ್ಲೂ ಸೊನ್ನೆ.

ಕೆಲಸ ಏಕೆ ದಾರಿಗೆ ಕಟ್ಟುಬಿದ್ದಿದೆ ಎಂಬುದನ್ನು ನೋಡುವುದು ಸುಲಭ. ಗಾತ್ರ 10 ರಿಂದ 20 ಲೀಟರಿಗೆ ಹೋಯಿತು ಎಂಬುದಷ್ಟೇ ಗೊತ್ತಿದ್ದರೆ ಸಾಲದು, ಪ್ರತಿ ಲೀಟರನ್ನೂ ದಾಟುವಾಗ ಎಷ್ಟು ಒತ್ತಡವಿತ್ತು ಎಂದು ಗೊತ್ತಾಗಬೇಕು. ಮೊದಲ ದಾರಿಯಲ್ಲಿ ಉದ್ದಕ್ಕೂ 200 ಇತ್ತು, ಎರಡನೆಯದರಲ್ಲಿ ಉದ್ದಕ್ಕೂ 100. A, B ಎಂಬ ಎರಡು ಚುಕ್ಕೆಗಳಲ್ಲಿ ಈ ಮಾಹಿತಿ ಇಲ್ಲ, ಅವನ್ನು ಸೇರಿಸುವ ಗೆರೆಯಲ್ಲಿದೆ. PV ನಕ್ಷೆಯಲ್ಲಿ ಕೆಲಸವೆಂದರೆ ಗೆರೆಯ ಕೆಳಗಿನ ವಿಸ್ತೀರ್ಣ ಎನ್ನುವುದು ಇದನ್ನೇ. ನಾಲ್ಕನೆಯ ದಾರಿಗೆ ನಕ್ಷೆಯಲ್ಲಿ ಗೆರೆಯೇ ಇಲ್ಲ ಎಂಬುದನ್ನೂ ಗಮನಿಸಿ. ಅನಿಲ ನುಗ್ಗುವಾಗ ಒಂದು ಮೂಲೆಯಲ್ಲಿ ಒಂದು ಒತ್ತಡ, ಇನ್ನೊಂದು ಮೂಲೆಯಲ್ಲಿ ಇನ್ನೊಂದು. ಇಡೀ ಅನಿಲಕ್ಕೆ ಅನ್ವಯಿಸುವ ಒಂದೇ P ಇರುವುದಿಲ್ಲ. ಅನೇಕರು ಇಲ್ಲಿ A ಯಿಂದ B ಗೆ ಒಂದು ಗೆರೆ ಎಳೆದು, ಅದರ ಕೆಳಗಿನ ವಿಸ್ತೀರ್ಣವನ್ನು ಕೆಲಸವೆಂದು ಬರೆದು ಅಂಕ ಕಳೆದುಕೊಳ್ಳುತ್ತಾರೆ. ಲೆಕ್ಕಕ್ಕೆ ಬರುವುದು ಎದುರು ನಿಂತು ತಡೆಯುವ ಬಾಹ್ಯ ಒತ್ತಡ. ಇಲ್ಲಿ ಅದು ಸೊನ್ನೆ.

ಈಗ ನಿಮ್ಮ mcΔT. ಮೇಲಿನ ನಾಲ್ಕೂ ದಾರಿಗಳಲ್ಲಿ ಆರಂಭ, ಅಂತ್ಯಗಳ ನಡುವಿನ ΔT ಸೊನ್ನೆ. ಸೂತ್ರವನ್ನು ಕಣ್ಣುಮುಚ್ಚಿ ಹಾಕಿದರೆ ನಾಲ್ಕರಲ್ಲೂ ಶಾಖ ಸೊನ್ನೆ ಬರಬೇಕಿತ್ತು, ಮೂರರಲ್ಲಿ ಬರಲಿಲ್ಲ. ತಪ್ಪು ಎಲ್ಲಿದೆ? ದಾರಿ ಸೂತ್ರದಲ್ಲಿ ಇಲ್ಲದೆ ಹೋಗಿಲ್ಲ, c ಎಂಬ ಅಕ್ಷರದೊಳಗೆ ಅವಿತು ಕೂತಿದೆ. ಹೀಲಿಯಂನ ಒಂದು ಮೋಲನ್ನು ಒಂದು ಕೆಲ್ವಿನ್ ಏರಿಸಲು ಗಾತ್ರ ಸ್ಥಿರವಾಗಿದ್ದರೆ ಸುಮಾರು 12.5 ಜೌಲ್ ಬೇಕು, ಒತ್ತಡ ಸ್ಥಿರವಾಗಿದ್ದರೆ ಸುಮಾರು 20.8 ಜೌಲ್. ಇಷ್ಟಕ್ಕೇ ನಿಲ್ಲಬೇಕಿಲ್ಲ. ಮೂರನೆಯ ದಾರಿಯಲ್ಲಿ ಶಾಖ ಒಳಹೋಗುತ್ತಲೇ ಇದೆ, ತಾಪಮಾನ ಏರುತ್ತಲೇ ಇಲ್ಲ, ಅಲ್ಲಿ c ಅನಂತ. ಶಾಖ ಬಿಡದ ಸಿಲಿಂಡರಿನಲ್ಲಿ ಅನಿಲವನ್ನು ಒತ್ತಿದರೆ ಶಾಖವಿಲ್ಲದೆಯೇ ತಾಪಮಾನ ಏರುತ್ತದೆ, ಅಲ್ಲಿ c ಸೊನ್ನೆ. ಒಂದೇ ಅನಿಲಕ್ಕೆ ಎಷ್ಟು ದಾರಿಗಳೋ ಅಷ್ಟು c ಗಳು.

ಶಾಲೆಯಲ್ಲಿ ಈ ಗುಟ್ಟು ಹೊರಬೀಳದಿರಲು ಕಾರಣ, ಅಲ್ಲಿ ಹೆಚ್ಚಾಗಿ ಕಾಯಿಸುವುದು ನೀರನ್ನು ಮತ್ತು ಲೋಹದ ತುಂಡುಗಳನ್ನು, ಅದೂ ತೆರೆದ ಗಾಳಿಯಲ್ಲಿ. ಒತ್ತಡ ತಾನಾಗಿಯೇ ಸ್ಥಿರವಾಗಿರುತ್ತದೆ, ಅಂದರೆ ದಾರಿಯನ್ನು ಯಾರೂ ಹೇಳದೆಯೇ ಆರಿಸಿಯಾಗಿದೆ. ದ್ರವ, ಘನಗಳು ಕಾಯ್ದಾಗ ಹಿಗ್ಗುವುದು ಅತ್ಯಲ್ಪ, ಸುತ್ತಲಿನ ಗಾಳಿಯನ್ನು ತಳ್ಳುವ ಕೆಲಸ ಲೆಕ್ಕಕ್ಕೇ ಬಾರದಷ್ಟು. ಹೀಗಾಗಿ ‘ನೀರಿನ c’ ಎಂದು ಒಂದೇ ಸಂಖ್ಯೆ ಹೇಳಿ ಬಿಟ್ಟರೂ ನಡೆದುಹೋಗುತ್ತದೆ. ರಸಾಯನಶಾಸ್ತ್ರದ ತರಗತಿಯಲ್ಲಿ ‘ಸ್ಥಿರ ಒತ್ತಡದ ಶಾಖ ΔH ಗೆ ಸಮ, ΔH ಸ್ಥಿತಿ ಫಲನ’ ಎಂದು ಕೇಳಿದ್ದರೆ ಅದನ್ನೂ ಇದೇ ಕಣ್ಣಿನಿಂದ ನೋಡಿ. ದಾರಿಯನ್ನು ಒಂದೇ ಬಗೆಗೆ ಕಟ್ಟಿಹಾಕಿದ ಮೇಲೆ ಶಾಖದ ಬೆಲೆ ಒಂದು ಸ್ಥಿತಿ ಫಲನದ ಬದಲಾವಣೆಗೆ ಸಮವಾಗಬಹುದು. ಅಷ್ಟರಿಂದ ಶಾಖವೇ ಸ್ಥಿತಿ ಫಲನ ಆಗಿಬಿಡುವುದಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆ, ಕಾಕತಾಳೀಯವೇ ಎಂಬುದು. ಅದು ನಿಜಕ್ಕೂ ಒಳ್ಳೆಯ ಪ್ರಶ್ನೆ, ಏಕೆಂದರೆ ಗಣಿತದ ಕಡೆಯಿಂದ ನೋಡಿದರೆ Q ಮತ್ತು W ಎರಡೂ ದಾರಿಗೆ ತಕ್ಕಂತೆ ಕುಣಿಯುವಾಗ ಅವುಗಳ ವ್ಯತ್ಯಾಸವೂ ಕುಣಿಯಬೇಕೆಂದೇ ನಿರೀಕ್ಷಿಸುತ್ತೇವೆ. ಗೊಂದಲ ಹುಟ್ಟುವುದು ನಾವು ಕಲಿಸುವ ಕ್ರಮದಿಂದ. ಮೊದಲು ಶಾಖ ಎಂದರೆ ಏನು ಎಂದು ಹೇಳುತ್ತೇವೆ, ಆಮೇಲೆ ಕೆಲಸ, ಕೊನೆಗೆ ಅವೆರಡನ್ನು ಕೂಡಿ ಕಳೆದು U ಪಡೆದಂತೆ ತೋರಿಸುತ್ತೇವೆ. ತರ್ಕದ ಕ್ರಮ ಇದಕ್ಕೆ ಸಂಪೂರ್ಣ ತಿರುಗುಮುರುಗು. ಮೊದಲು ಕೆಲಸ, ಅದರಿಂದ U, ಎಲ್ಲಕ್ಕಿಂತ ಕೊನೆಗೆ ಶಾಖ. ಈ ಕ್ರಮವನ್ನು ಕರಾರುವಾಕ್ಕಾಗಿ ಬರೆದವರು ಗಣಿತಜ್ಞ ಕಾನ್‌ಸ್ಟಾಂಟಿನ್ ಕಾರಾಥಿಯೊಡೊರಿ, 1909 ರಲ್ಲಿ.

ಹೇಗೆಂದು ನೋಡೋಣ. ಶಾಖ ಎಂಬ ಪದವನ್ನೇ ಸ್ವಲ್ಪ ಹೊತ್ತು ಮರೆತುಬಿಡಿ. ಅನಿಲವನ್ನು ಶಾಖ ದಾಟದ ಗೋಡೆಗಳೊಳಗೆ ಇಡಿ. ‘ಶಾಖವನ್ನು ಮರೆತು ಶಾಖ ದಾಟದ ಗೋಡೆ ಅಂದರೇನು’ ಎಂದು ನೀವು ಕೇಳಬಹುದು. ಹೊರಗೆ ಬೆಂಕಿ ಇಟ್ಟರೂ ಮಂಜುಗಡ್ಡೆ ಇಟ್ಟರೂ ಒಳಗಿನ ಸ್ಥಿತಿ ಕದಲದಂಥ ಗೋಡೆ ಎಂದರೆ ಸಾಕು. ಈಗ ಒಳಗಿನದನ್ನು ಬದಲಿಸಲು ಉಳಿದಿರುವ ಉಪಾಯ ಕೆಲಸ ಒಂದೇ. ಪಿಸ್ಟನ್ ಒತ್ತಬಹುದು, ಒಳಗೊಂದು ರೆಕ್ಕೆಗಾಲಿ ಇಟ್ಟು ಕಲಕಬಹುದು, ತಂತಿಯೊಳಗೆ ವಿದ್ಯುತ್ ಹರಿಸಬಹುದು.

ನಮ್ಮ A ಯಿಂದ B ಗೆ ಈ ರೀತಿ ಹೋಗಲು ಒಂದು ದಾರಿ ಆಗಲೇ ಕಂಡಿದ್ದೇವೆ, ತಡೆ ಒಡೆಯುವುದು. ಅದರಲ್ಲಿ ಕೆಲಸ ಸೊನ್ನೆ. ಇನ್ನೊಂದು ದಾರಿ ಹೀಗಿದೆ. ಗೋಡೆಗಳು ಹಾಗೇ ಇರಲಿ, ಪಿಸ್ಟನ್ನನ್ನು ನಿಧಾನವಾಗಿ ಬಿಡುತ್ತ 20 ಲೀಟರಿಗೆ ಹಿಗ್ಗಿಸಿ. ಶಾಖ ಬರುವಂತಿಲ್ಲವಾದ್ದರಿಂದ ಅನಿಲ ತನ್ನ ಸ್ವಂತ ಗಂಟಿನಿಂದಲೇ ಖರ್ಚು ಮಾಡಿ ತಣ್ಣಗಾಗುತ್ತದೆ. PV^(5/3) ಸ್ಥಿರ ಎಂಬ ನಿಯಮ ಹಾಕಿದರೆ ಒತ್ತಡ 63 ಕಿಲೋಪ್ಯಾಸ್ಕಲ್‌ಗೆ, ತಾಪಮಾನ 189 ಕೆಲ್ವಿನ್‌ಗೆ ಇಳಿಯುತ್ತದೆ. ಅನಿಲ ಹೊರಗೆ ಕೊಟ್ಟ ಕೆಲಸ ಸುಮಾರು 1110 ಜೌಲ್. ಈಗ ಪಿಸ್ಟನ್ ಬಿಗಿದು, ಒಳಗಿನ ರೆಕ್ಕೆಗಾಲಿಯನ್ನು ತಿರುಗಿಸುತ್ತ ಹೋಗಿ. ಅನಿಲ ಬಿಸಿಯೇರಿ 300 ಕೆಲ್ವಿನ್ ಮುಟ್ಟಿದಾಗ B ಬಂತು. ಕಲಕಲು ಎಷ್ಟು ಕೆಲಸ ಬೇಕಾಯಿತು? 1110 ಜೌಲ್. ಕೊಟ್ಟದ್ದು ಮತ್ತು ಪಡೆದದ್ದು ಸರಿಹೋಗಿ ನಿವ್ವಳ ಕೆಲಸ ಸೊನ್ನೆ. ತಡೆ ಒಡೆದಾಗಲೂ ಸೊನ್ನೆ.

ಎರಡು ದಾರಿಗಳ ನಡುವೆ ಹೋಲಿಕೆಯೇ ಇಲ್ಲ. ಒಂದರಲ್ಲಿ ಅನಿಲ ಕ್ಷಣಮಾತ್ರದಲ್ಲಿ ನುಗ್ಗುತ್ತದೆ, ಇನ್ನೊಂದರಲ್ಲಿ 189 ಕೆಲ್ವಿನ್‌ವರೆಗೆ ತಣಿದು ಮತ್ತೆ ಬಿಸಿಯಾಗುತ್ತದೆ. ಆದರೂ ಕೆಲಸ ಒಂದೇ. ಶಾಖ ದಾಟದ ಗೋಡೆಗಳೊಳಗೆ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗಲು ಬೇಕಾದ ಒಟ್ಟು ಕೆಲಸ, ಅದನ್ನು ಯಾವ ವಿಧಾನದಿಂದ ಮಾಡಿದರೂ ಒಂದೇ. ಉಷ್ಣಗತಿಶಾಸ್ತ್ರದ ಮೊದಲ ನಿಯಮದ ತಿರುಳು ಈ ವಾಕ್ಯ. ಇದನ್ನು ಗಣಿತದಿಂದ ಸಾಧಿಸಲು ಬರುವುದಿಲ್ಲ, ಇದು ಪ್ರಯೋಗದಿಂದ ತಿಳಿದ ಸಂಗತಿ. ನಾನು ಮೇಲೆ ಮಾಡಿದ ಲೆಕ್ಕ ಅದನ್ನು ಸಾಧಿಸಲಿಲ್ಲ, U = (3/2)PV ಎಂದು ಮೊದಲೇ ಒಪ್ಪಿಕೊಂಡು ಅದು ಹೇಗಿರುತ್ತದೆಂದು ತೋರಿಸಿತು ಅಷ್ಟೆ.

ಪ್ರಯೋಗ ಮಾಡಿದವರು ಜೇಮ್ಸ್ ಜೌಲ್. ತೂಕದ ಗುಂಡುಗಳನ್ನು ಕೆಳಗಿಳಿಸಿ, ಅವುಗಳ ದಾರದಿಂದ ನೀರಿನೊಳಗಿನ ರೆಕ್ಕೆಗಾಲಿಯನ್ನು ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದದ್ದು ಎಲ್ಲರಿಗೂ ಗೊತ್ತು. ಕಡಿಮೆ ಗೊತ್ತಿರುವುದು ಅವರು ಎಷ್ಟು ಬಗೆಬಗೆಯಾಗಿ ಅದನ್ನೇ ಮಾಡಿದರು ಎಂಬುದು. ನೀರಿನ ಬದಲು ಪಾದರಸವನ್ನು ಕಲಕಿದರು, ಪಾದರಸದೊಳಗೆ ಎರಡು ಎರಕದ ಕಬ್ಬಿಣದ ಬಿಲ್ಲೆಗಳನ್ನು ಉಜ್ಜಿದರು, ವಿದ್ಯುತ್ತಿನಿಂದ ಕಾಯಿಸಿದರು, ಗಾಳಿಯನ್ನು ಒತ್ತಿ ಬಿಸಿಯಾಗುವುದನ್ನು ಅಳೆದರು. 1843 ರ ಮೊದಲ ಅಳತೆಗಳು ಪರಸ್ಪರ ಅಷ್ಟೇನೂ ಹೊಂದುತ್ತಿರಲಿಲ್ಲ. 1850 ರಲ್ಲಿ ಪ್ರಕಟಿಸಿದ ಘರ್ಷಣೆಯ ಪ್ರಯೋಗಗಳಲ್ಲಿ ನೀರು, ಪಾದರಸ, ಕಬ್ಬಿಣ ಮೂರೂ ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಏರಿಸಲು ಬೇಕಾಗುವ ಕೆಲಸಕ್ಕೆ 772 ರಿಂದ 775 ಅಡಿ-ಪೌಂಡ್‌ನ ಒಳಗಿನ ಬೆಲೆಗಳನ್ನೇ ಕೊಟ್ಟವು. ಇಂದಿನ ಬೆಲೆ ಸುಮಾರು 778. ಆ ಪ್ರಯೋಗಗಳನ್ನು ಶಾಖಕ್ಕೂ ಕೆಲಸಕ್ಕೂ ನಡುವಿನ ವಿನಿಮಯ ದರ ಎಂದು ಓದುವುದು ರೂಢಿ. ನಿಮ್ಮ ಪ್ರಶ್ನೆಗೆ ಬೇಕಾದ ಓದು ಬೇರೆ: ಕೆಲಸ ಮಾಡುವ ವಿಧಾನ ಬದಲಾದರೂ ಒಂದೇ ಬದಲಾವಣೆಗೆ ಬೇಕಾದ ಕೆಲಸದ ಮೊತ್ತ ಬದಲಾಗಲಿಲ್ಲ.

ಮೊತ್ತ ಎರಡು ಸ್ಥಿತಿಗಳಿಂದಲೇ ನಿರ್ಧಾರವಾಗುತ್ತದೆ ಎಂದಮೇಲೆ ಪ್ರತಿ ಸ್ಥಿತಿಗೂ ಒಂದು ಸಂಖ್ಯೆ ಅಂಟಿಸಬಹುದು. ಆ ಸಂಖ್ಯೆಗಳ ವ್ಯತ್ಯಾಸ ಆ ಕೆಲಸಕ್ಕೆ ಸಮನಾಗಿರಲಿ. ಆ ಸಂಖ್ಯೆಯೇ U. ನೋಡಿ, U ಹುಟ್ಟಿದ್ದೇ ಸ್ಥಿತಿ ಫಲನವಾಗಿ, ಇನ್ನೂ Q ಎಂಬ ಅಕ್ಷರ ಬರೆದೇ ಇಲ್ಲ.

ಈಗ ಗೋಡೆಯನ್ನು ಬದಲಿಸಿ, ಶಾಖ ದಾಟಬಲ್ಲ ಲೋಹದ ಗೋಡೆ ಹಾಕಿ. ಅದೇ A, ಅದೇ B. ಮೊದಲ ದಾರಿಯಲ್ಲಿ ಹೋದರೆ ಅನಿಲ 2000 ಜೌಲ್ ಕೆಲಸ ಕೊಟ್ಟಿದೆ, U ಮಾತ್ರ ಕಡಿಮೆಯಾಗಿಲ್ಲ. ಆ 2000 ಎಲ್ಲಿಂದಲೋ ಬಂದಿರಬೇಕು. ಕೆಲಸವಲ್ಲದ ರೂಪದಲ್ಲಿ ಗೋಡೆ ದಾಟಿ ಬಂದ ಆ ಶಕ್ತಿಗೆ ಶಾಖ ಎಂದು ಹೆಸರಿಟ್ಟಿದ್ದೇವೆ. Q ಎಂದರೆ ΔU + W, ಇದೇ ಅದರ ವ್ಯಾಖ್ಯೆ. ಎಲ್ಲ ದಾರಿಗಳಿಗೂ ΔU ಒಂದೇ, W ಬೇರೆಬೇರೆ. ಹಾಗಾಗಿ W ಎಷ್ಟು ಏರುಪೇರಾಗುತ್ತದೋ Q ಕೂಡ ಅಷ್ಟೇ ಏರುಪೇರಾಗಲೇಬೇಕು. ಲೆಕ್ಕ ಸರಿದೂಗಿಸಲು ಬರೆದ ಸಂಖ್ಯೆ ಲೆಕ್ಕವನ್ನು ಸರಿದೂಗಿಸುವುದರಲ್ಲಿ ಅಚ್ಚರಿಯೇನಿದೆ? ಶಾಖ ದಾರಿಯನ್ನು ಅವಲಂಬಿಸುವುದು ಕೆಲಸ ಅವಲಂಬಿಸುತ್ತದೆ ಎಂಬ ಕಾರಣಕ್ಕೇ.

ಅಣುಗಳ ಕಡೆಯಿಂದ ನೋಡಿದರೂ ಇದೇ ಕಾಣುತ್ತದೆ. ಈ ಕ್ಷಣದಲ್ಲಿ ಎಲ್ಲ ಪರಮಾಣುಗಳ ಚಲನಶಕ್ತಿಯನ್ನು ಕೂಡಿದರೆ ಹೀಲಿಯಂನ U ಸಿಗುತ್ತದೆ. ಒಂದು ಪರಮಾಣು ತನ್ನ ವೇಗವನ್ನು ಬಿಸಿ ಗೋಡೆಗೆ ಬಡಿದು ಪಡೆಯಿತೋ, ಒಳನುಗ್ಗುತ್ತಿದ್ದ ಪಿಸ್ಟನ್ನಿಗೆ ಬಡಿದು ಪಡೆಯಿತೋ ಎಂಬ ಗುರುತು ಅದರ ಮೇಲಿಲ್ಲ. ಕೆಲಸ, ಶಾಖ ಎಂಬ ಹೆಸರುಗಳು ಗಡಿ ದಾಟುವ ಹೊತ್ತಿಗೆ ಮಾತ್ರ ಅನ್ವಯಿಸುತ್ತವೆ. ದಾಟಿದ ಮೇಲೆ ಒಳಗಿರುವುದು ಬರೀ ಶಕ್ತಿ. ‘ಈ ನೀರಿನಲ್ಲಿ ಇಷ್ಟು ಶಾಖ ಇದೆ’ ಎಂದು ಉತ್ತರಪತ್ರಿಕೆಯಲ್ಲಿ ಬರೆದರೆ ನಾನು ಕೆಂಪು ಗೆರೆ ಹಾಕುವುದು ಇದಕ್ಕೇ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಬಿಸಿ ಮಾಡಿಟ್ಟರೆ, ಒಲೆಯ ಮೇಲಿಟ್ಟು 4.2 ಕಿಲೋಜೌಲ್ ಶಾಖ ಕೊಟ್ಟರೋ, ಜೌಲ್ ಅವರಂತೆ ಕಲಕಿ ಅಷ್ಟೇ ಕೆಲಸ ಕೊಟ್ಟರೋ ಎಂಬುದನ್ನು ಆ ನೀರನ್ನು ಪರೀಕ್ಷಿಸಿ ಯಾರೂ ಹೇಳಲಾರರು. ಇದೇ ಕಾರಣಕ್ಕೆ ΔQ, ΔW ಎಂದು ಬರೆಯಬೇಡಿ. Δ ಎಂದರೆ ಕೊನೆಯದರಲ್ಲಿ ಮೊದಲಿನದನ್ನು ಕಳೆದದ್ದು. ‘ಮೊದಲಿನ ಶಾಖ’, ‘ಕೊನೆಯ ಶಾಖ’ ಎಂಬವೇ ಇಲ್ಲದಿರುವಾಗ ಕಳೆಯುವುದು ಯಾವುದರಿಂದ ಯಾವುದನ್ನು?

ಶಾಖ ವಸ್ತುವಿನೊಳಗೆ ಕೂತಿರುವ ದ್ರವ್ಯ ಎಂದು ನಂಬಿದವರು ದಡ್ಡರೇನೂ ಆಗಿರಲಿಲ್ಲ. 1824 ರಲ್ಲಿ ಎಂಜಿನ್‌ಗಳ ಬಗ್ಗೆ ಬರೆದ ಸಾಡಿ ಕಾರ್ನೋ ಕೂಡ ಬಿಸಿ ಕಡೆಯಿಂದ ಹೊರಟ ಶಾಖ ಅಷ್ಟೂ ತಣ್ಣನೆಯ ಕಡೆಗೆ ಇಳಿಯುತ್ತದೆ, ನೀರು ಎತ್ತರದಿಂದ ಬಿದ್ದು ಗಾಲಿ ತಿರುಗಿಸಿದಂತೆ ಎಂದು ಭಾವಿಸಿದ್ದರು. ನಮ್ಮ ಹೀಲಿಯಂನಿಂದಲೇ ಅದು ಹೇಗೆ ಮುರಿದುಬೀಳುತ್ತದೆ ನೋಡಿ. ಮೊದಲ ದಾರಿಯಲ್ಲಿ A ಯಿಂದ B ಗೆ ಹೋಗಿ, ಎರಡನೆಯ ದಾರಿಯನ್ನು ಹಿಮ್ಮುಖವಾಗಿ ಹಿಡಿದು ವಾಪಸು ಬನ್ನಿ. ಹೋಗುವಾಗ 2000 ಜೌಲ್ ಕೆಲಸ ಸಿಕ್ಕಿತು, ಬರುವಾಗ 1000 ಕೊಟ್ಟಿರಿ. ಶಾಖದ ನಿವ್ವಳವೂ ಹಾಗೆಯೇ 1000 ಜೌಲ್ ಒಳಕ್ಕೆ. ಅನಿಲ ಹೊರಟಲ್ಲಿಗೇ ಬಂದಿದೆ. ಶಾಖ ಸ್ಥಿತಿ ಫಲನವಾಗಿದ್ದರೆ ಒಂದು ಸುತ್ತಿನ ನಿವ್ವಳ ಶಾಖ ಸೊನ್ನೆಯಾಗಬೇಕಿತ್ತು. ಆಗ ಕೆಲಸದ ನಿವ್ವಳವೂ ಸೊನ್ನೆ, ಯಾವ ಎಂಜಿನ್ನೂ ಓಡುತ್ತಿರಲಿಲ್ಲ. ಸುತ್ತಿನಲ್ಲಿ ಒಂದಷ್ಟು ಶಾಖ ನಿಜಕ್ಕೂ ಇಲ್ಲವಾಗಿ ಕೆಲಸವಾಗುತ್ತದೆ ಎಂಬುದನ್ನು 1850 ರಲ್ಲಿ ರುಡಾಲ್ಫ್ ಕ್ಲಾಸಿಯಸ್ ಸ್ಪಷ್ಟವಾಗಿ ಬರೆದರು. U ಎಂಬ ಅಕ್ಷರವೂ ಅವರ ಆ ಬರಹದಿಂದಲೇ ಬಂದದ್ದು.

ಎಲ್ಲ ಬ್ಯಾಚಿನಲ್ಲೂ ಯಾರಾದರೂ ಕೇಳುವ ಒಂದು ಉಪಪ್ರಶ್ನೆ ಇದೆ: ‘ಒತ್ತಡ ಸ್ಥಿರವಾಗಿರುವಾಗಲೂ ΔU ಲೆಕ್ಕಕ್ಕೆ nC_vΔT ಏಕೆ ಹಾಕುತ್ತೀರಿ, C_v ಗಾತ್ರ ಸ್ಥಿರವಾಗಿದ್ದಾಗಿನದಲ್ಲವೇ?’ ಉತ್ತರ ಈಗ ನಿಮ್ಮ ಕೈಯಲ್ಲೇ ಇದೆ. U ಗೆ ದಾರಿ ಬೇಡವಾದ್ದರಿಂದ ನಮಗೆ ಸುಲಭವಾದ ಯಾವುದೋ ದಾರಿಯಲ್ಲಿ ಅದನ್ನು ಲೆಕ್ಕ ಹಾಕಬಹುದು, ಅನಿಲ ಆ ದಾರಿಯಲ್ಲಿ ಹೋಗದಿದ್ದರೂ ಸರಿ. ಮೊದಲ ದಾರಿಯ ಮೊದಲ ಹೆಜ್ಜೆಯನ್ನೇ ತೆಗೆದುಕೊಳ್ಳಿ. 300 ರಿಂದ 600 ಕೆಲ್ವಿನ್, 10 ರಿಂದ 20 ಲೀಟರ್. ಇದರ ಬದಲು ಮೊದಲು 10 ಲೀಟರಿನಲ್ಲೇ ಬಿಗಿದು 600 ಕೆಲ್ವಿನ್‌ಗೆ ಕಾಯಿಸಿ, 3000 ಜೌಲ್. ಆಮೇಲೆ ತಡೆ ಒಡೆದು 20 ಲೀಟರಿಗೆ ಬಿಡಿ, ಶಾಖವೂ ಇಲ್ಲ ಕೆಲಸವೂ ಇಲ್ಲ. ಒಟ್ಟು ΔU 3000. ನಿಜವಾದ ದಾರಿಯಲ್ಲೂ ಅಷ್ಟೇ, 5000 ದಲ್ಲಿ 2000 ಕಳೆದರೆ 3000.

ಆ ಎರಡನೆಯ ಹೆಜ್ಜೆಯಲ್ಲಿ ನಾನೊಂದು ಊಹೆ ನುಸುಳಿಸಿದ್ದೇನೆ. ತಡೆ ಒಡೆದು ಹಿಗ್ಗಿದಾಗ ತಾಪಮಾನ ಬದಲಾಗುವುದಿಲ್ಲ ಎಂಬುದು ಆದರ್ಶ ಅನಿಲಕ್ಕೆ ಮಾತ್ರ ನಿಜ. ಜೌಲ್ 1845 ರಲ್ಲಿ ಇದನ್ನೂ ಪರೀಕ್ಷಿಸಿದ್ದರು. ಒಂದು ತಾಮ್ರದ ಪಾತ್ರೆಯಲ್ಲಿ ಸುಮಾರು 22 ವಾತಾವರಣ ಒತ್ತಡದ ಗಾಳಿ, ಇನ್ನೊಂದು ಖಾಲಿ, ಎರಡನ್ನೂ ನೀರಿನಲ್ಲಿಟ್ಟು ನಡುವಿನ ನಲ್ಲಿ ತೆರೆದರು. ನೀರಿನ ತಾಪಮಾನ ಕದಲಲಿಲ್ಲ. ಆದರೆ ಸುತ್ತಲಿನ ನೀರು, ತಾಮ್ರಗಳಿಗೆ ಹೋಲಿಸಿದರೆ ಗಾಳಿ ಏನೇನೂ ಅಲ್ಲ. ಗಾಳಿ ಸ್ವಲ್ಪ ತಣಿದಿದ್ದರೂ ಆ ಉಪಕರಣಕ್ಕೆ ಅದು ಕಾಣುತ್ತಿರಲಿಲ್ಲ. ನಿಜವಾದ ಅನಿಲದ ಅಣುಗಳು ಪರಸ್ಪರ ತುಸು ಸೆಳೆಯುತ್ತವೆ, ದೂರ ಸರಿಯುವಾಗ ಆ ಸೆಳೆತದ ವಿರುದ್ಧ ಚಲನಶಕ್ತಿ ಖರ್ಚಾಗಿ ಗಾಳಿ ಅಲ್ಪ ತಣಿಯುತ್ತದೆ. ಇಷ್ಟರಿಂದ U ಸ್ಥಿತಿ ಫಲನ ಎಂಬ ಮಾತಿಗೆ ಕುಂದೇನೂ ಬರುವುದಿಲ್ಲ. ಅದು ತಾಪಮಾನವೊಂದರ ಫಲನವಾಗಿ ಉಳಿಯದೆ ತಾಪಮಾನ, ಗಾತ್ರ ಎರಡರ ಫಲನವಾಗುತ್ತದೆ, ಅಷ್ಟೇ. ‘ಸ್ಥಿತಿ ಫಲನ’ ಮತ್ತು ‘ತಾಪಮಾನದ ಮಾತ್ರ ಫಲನ’ ಇವೆರಡನ್ನು ಒಂದೇ ಎಂದುಕೊಳ್ಳುವುದು ಆದರ್ಶ ಅನಿಲವನ್ನೇ ಅತಿಯಾಗಿ ಬಳಸುವುದರಿಂದ ಬರುವ ತಪ್ಪು.

ಚಿಹ್ನೆಗಳ ಬಗ್ಗೆ ಒಂದು ಮಾತು. ನೀವು ಬರೆದ ΔU = Q − W ಯಲ್ಲಿ W ಎಂದರೆ ಅನಿಲ ಮಾಡಿದ ಕೆಲಸ. ರಸಾಯನಶಾಸ್ತ್ರದವರು ಅನಿಲದ ಮೇಲೆ ಮಾಡಿದ ಕೆಲಸವನ್ನು W ಎಂದು ಕರೆದು ΔU = Q + W ಎಂದು ಬರೆಯುತ್ತಾರೆ. ಯಾವುದನ್ನಾದರೂ ಬಳಸಿ, ಒಂದೇ ಲೆಕ್ಕದೊಳಗೆ ಎರಡನ್ನೂ ಬೆರೆಸಬೇಡಿ.

ಆಂಶಿಕ ಅವಕಲನ ಕಲಿತಿದ್ದರೆ ಇಡೀ ವಿಷಯವನ್ನು ಒಂದೇ ಸಾಲಿನಲ್ಲಿ ಪರೀಕ್ಷಿಸಬಹುದು. ನಿಧಾನವಾದ ಬದಲಾವಣೆಗೆ ಶಾಖದ ಒಂದು ತುಣುಕು nC_v dT + P dV. ಇದು ಯಾವುದಾದರೂ ಫಲನದ ಅವಕಲನವಾಗಿದ್ದರೆ, dT ಮುಂದಿನ ಗುಣಕವನ್ನು V ಯಿಂದ ಅವಕಲಿಸಿದರೂ dV ಮುಂದಿನದನ್ನು T ಯಿಂದ ಅವಕಲಿಸಿದರೂ ಒಂದೇ ಉತ್ತರ ಬರಬೇಕು. ಮೊದಲನೆಯದು ಸೊನ್ನೆ. ಎರಡನೆಯದು, P = nRT/V ಆದ್ದರಿಂದ, nR/V. ಹೊಂದಲಿಲ್ಲ, ಹಾಗಾಗಿ ‘ಶಾಖ’ ಎಂಬ ಫಲನವೇ ಇಲ್ಲ.

ಈಗ ಅದೇ ತುಣುಕನ್ನು T ಯಿಂದ ಭಾಗಿಸಿ ನೋಡಿ. ಗುಣಕಗಳು nC_v/T ಮತ್ತು nR/V ಆಗುತ್ತವೆ. ಮೊದಲನೆಯದರಲ್ಲಿ V ಇಲ್ಲ, ಎರಡನೆಯದರಲ್ಲಿ T ಇಲ್ಲ, ಎರಡು ಕಡೆಯೂ ಸೊನ್ನೆ ಬಂದು ಹೊಂದಿಕೆಯಾಗುತ್ತದೆ. ಸಂಖ್ಯೆಗಳಲ್ಲೂ ನೋಡಿ. ಮೊದಲ ದಾರಿಯಲ್ಲಿ ಪ್ರತಿ ತುಣುಕು ಶಾಖವನ್ನೂ ಆ ಹೊತ್ತಿನ ತಾಪಮಾನದಿಂದ ಭಾಗಿಸಿ ಕೂಡಿದರೆ 11.55 ರಲ್ಲಿ 6.93 ಕಳೆದು 4.62 ಜೌಲ್ ಪ್ರತಿ ಕೆಲ್ವಿನ್. ಎರಡನೆಯದರಲ್ಲಿ ತಣಿಯುವಾಗ 6.93 ಹೋಗಿ, ಹಿಗ್ಗುವಾಗ 11.55 ಬಂದು ಮತ್ತೆ 4.62. ಮೂರನೆಯದರಲ್ಲಿ 1386 ನ್ನು 300 ರಿಂದ ಭಾಗಿಸಿದರೆ 4.62. ಶಾಖ 2000, 1000, 1386 ಎಂದು ಬೇರೆಬೇರೆಯಾಗಿದ್ದ ಮೂರು ದಾರಿಗಳೂ ಈ ಭಾಗಲಬ್ಧದಲ್ಲಿ ಒಂದಾಗಿವೆ. ಮುಂದಿನ ಸೆಮಿಸ್ಟರಿನಲ್ಲಿ ಎಂಟ್ರೊಪಿ ಎಂಬ ಹೆಸರಿನಲ್ಲಿ ನಿಮಗೆ ಎದುರಾಗುವುದು ಇದೇ. ತಡೆ ಒಡೆದ ನಾಲ್ಕನೆಯ ದಾರಿಯಲ್ಲಿ ಶಾಖವೇ ಇರಲಿಲ್ಲ, ಆದರೂ ಅನಿಲ B ಯಲ್ಲೇ ಇರುವುದರಿಂದ ಅದರ ಎಂಟ್ರೊಪಿಯೂ 4.62 ಏರಿರಲೇಬೇಕು, ಅದು ಎಲ್ಲಿಂದ ಬಂತು ಎಂಬುದು ಎರಡನೆಯ ನಿಯಮದ ಪ್ರಶ್ನೆ.